ಅಕ್ಕನಿಗೆ ಮೂತ್ರಪಿಂಡ ಕೊಡಲು ಬಂದವರ ಶೋಧನಾಂಶ 0.29 ಏಕಾಯಿತು?

ಕಾರವಾರದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಮೂತ್ರಪಿಂಡದ ಶರೀರಕ್ರಿಯೆ ಕಲಿಸುವಾಗ ನಾನು ಬಳಸುವ ಪ್ರಕರಣ ಇದು. ಪಾಠಕ್ಕಾಗಿಯೇ ಕಟ್ಟಿದ್ದರಿಂದ ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಇಟ್ಟಿದ್ದೇನೆ. ಆದರೆ ಇದರಲ್ಲಿರುವ ತೊಡಕು ನಿಜವಾದದ್ದು, ಪ್ರಯೋಗಾಲಯದಲ್ಲಿ ಯಾರಿಗೂ ಎದುರಾಗಬಹುದಾದದ್ದು.

ಬೈತ್ಕೋಲ ಬಂದರಿನಿಂದ ಕಡಲಿಗೆ ಹೋಗುವ ಮೀನುಗಾರರೊಬ್ಬರು, ವಯಸ್ಸು 38, ತೂಕ 62 ಕಿಲೋ. ಅವರ ಅಕ್ಕನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ. ತಮ್ಮದೊಂದನ್ನು ಕೊಡುವುದಾಗಿ ಇವರು ಮುಂದೆ ಬಂದರು. ಜೂನ್ ಮತ್ತು ಜುಲೈಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಪಾಸಣೆಗೆ ಆ ಸಮಯವನ್ನೇ ಆರಿಸಿಕೊಂಡರು. ಮೇ ತಿಂಗಳ ಕೊನೆಯಲ್ಲಿ ಮಾಡಿದ ಮೊದಲ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ 1.0 ಮಿಲಿಗ್ರಾಂ ಇತ್ತು. ಮೂರು ವಾರಗಳ ಬಳಿಕ ಎರಡನೆಯ ಸುತ್ತಿನಲ್ಲಿ ಅದು 1.2 ಆಗಿತ್ತು. ಸೂತ್ರಕ್ಕೆ ಹಾಕಿ ನೋಡಿದರೆ ಅಂದಾಜು ಶೋಧನಾ ದರ ನಿಮಿಷಕ್ಕೆ 99 ಮಿಲಿಲೀಟರಿನಿಂದ 79ಕ್ಕೆ ಇಳಿದಂತೆ ಕಂಡಿತು. ಒಂದು ಮೂತ್ರಪಿಂಡ ಬಿಟ್ಟುಕೊಡಬೇಕಾದ ಮನುಷ್ಯನಲ್ಲಿ ಈ ಇಳಿಕೆಯನ್ನು ಕಡೆಗಣಿಸುವಂತಿಲ್ಲ. ಹಾಗಾಗಿ ಅಂದಾಜನ್ನು ಬಿಟ್ಟು ನೇರವಾಗಿ ಅಳೆಯುವುದೆಂದು ತೀರ್ಮಾನವಾಗಿ, ಅವರನ್ನು ಮಹಾನಗರವೊಂದರ ಸಂಶೋಧನಾ ಘಟಕಕ್ಕೆ ಕಳುಹಿಸಲಾಯಿತು.

ಅಲ್ಲಿ ಎರಡು ವಸ್ತುಗಳನ್ನು ಒಟ್ಟಿಗೆ ರಕ್ತನಾಳಕ್ಕೆ ಹರಿಸಿದರು. ಮೊದಲನೆಯದು ಇನುಲಿನ್. ಇದು ಗ್ಲೊಮೆರುಲಸ್‌ನಲ್ಲಿ ಸೋಸಿ ಹೋಗುತ್ತದೆ, ಆಮೇಲೆ ನಳಿಕೆಗಳು ಅದನ್ನು ಹೀರುವುದೂ ಇಲ್ಲ, ಹೊರಗಿನಿಂದ ಸೇರಿಸುವುದೂ ಇಲ್ಲ. ಒಂದು ವಸ್ತುವಿನಿಂದ ನಿಮಿಷಕ್ಕೆ ಎಷ್ಟು ಪ್ಲಾಸ್ಮಾ ಪೂರ್ತಿ ತೊಳೆದು ಹೋಗುತ್ತದೋ ಅದೇ ಆ ವಸ್ತುವಿನ ಕ್ಲಿಯರೆನ್ಸ್. ಆದ್ದರಿಂದ ಇನುಲಿನ್‌ನ ಕ್ಲಿಯರೆನ್ಸ್ ಎಂದರೆ ಶೋಧನಾ ದರವೇ. ಎರಡನೆಯದು ಪ್ಯಾರಾ-ಅಮೈನೋಹಿಪ್ಯೂರಿಕ್ ಆಮ್ಲ, ಚಿಕ್ಕದಾಗಿ ಪಿಎಎಚ್. ಇದು ಸೋಸಿಯೂ ಹೋಗುತ್ತದೆ. ಸೋಸದೆ ಉಳಿದ ಭಾಗವನ್ನು ಸಮೀಪದ ನಳಿಕೆಯ ಕೋಶಗಳು ಸುತ್ತಲಿನ ರಕ್ತದಿಂದ ಎಳೆದು ಮೂತ್ರದೊಳಕ್ಕೆ ಸುರಿಯುತ್ತವೆ. ಆ ಎಳೆತ ಎಷ್ಟು ಬಲವಾದದ್ದೆಂದರೆ, ರಕ್ತ ಒಂದು ಸಲ ಮೂತ್ರಪಿಂಡವನ್ನು ಹಾದುಹೋಗುವಷ್ಟರಲ್ಲಿ ಪಿಎಎಚ್‌ನ ಸುಮಾರು ಶೇಕಡಾ 90 ಭಾಗ ಹೊರಬಿದ್ದಿರುತ್ತದೆ. ಬಂದ ಪ್ಲಾಸ್ಮಾ ಹೆಚ್ಚುಕಡಿಮೆ ಪೂರ್ತಿ ತೊಳೆದು ಹೋಗುವುದರಿಂದ, ನಿಮಿಷಕ್ಕೆ ಎಷ್ಟು ಪ್ಲಾಸ್ಮಾ ತೊಳೆಯಿತೋ ಅಷ್ಟೇ ಪ್ಲಾಸ್ಮಾ ಬಂದಿತ್ತು ಎಂದು ಹೇಳಲು ಬರುತ್ತದೆ. ನ್ಯೂಯಾರ್ಕಿನ ಹೋಮರ್ ಸ್ಮಿತ್ ಮತ್ತು ಅವರ ಸಂಗಡಿಗರು 1940ರ ದಶಕದಲ್ಲಿ ಈ ವಿಧಾನಕ್ಕೆ ಗಟ್ಟಿಯಾದ ನೆಲೆ ಒದಗಿಸಿದರು. ಇಂದು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವುದು ವಿಕಿರಣಶೀಲ ಗುರುತಿನ ಸ್ಕ್ಯಾನ್‌ಗಳು. ಪಿಎಎಚ್ ಸಂಶೋಧನೆಯ ಮನೆಯಲ್ಲಿ ಉಳಿದುಕೊಂಡಿದೆ. ಆದರೂ ಈ ಹರಿವನ್ನು ಅಳೆಯುವ ತರ್ಕವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಪರೀಕ್ಷೆ ನಡೆದದ್ದು ಹೀಗೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಾಕಷ್ಟು ನೀರು ಕುಡಿಸಿದರು. ಮೂತ್ರ ಧಾರಾಳವಾಗಿ ಹರಿಯದಿದ್ದರೆ ಅಲ್ಪಾವಧಿಯ ಸಂಗ್ರಹಗಳು ನಂಬಿಕೆಗೆ ಅರ್ಹವಾಗುವುದಿಲ್ಲ. ಎಂಟೂವರೆಗೆ ಒಂದು ಕೈಯಿಂದ ಆರಂಭದ ರಕ್ತ ತೆಗೆದರು. ಆಮೇಲೆ ಇನ್ನೊಂದು ಕೈಗೆ ಮೊದಲು ಸುಮಾರು 500 ಮಿಲಿಗ್ರಾಂ ಪಿಎಎಚ್ ಒಮ್ಮೆಗೇ ಕೊಟ್ಟು, ನಂತರ ಪಂಪಿನ ಮೂಲಕ ನಿಮಿಷಕ್ಕೆ 11.7 ಮಿಲಿಗ್ರಾಂನಂತೆ ಹರಿಸುತ್ತಾ ಹೋದರು. ಇನುಲಿನ್‌ಗೂ ಇದೇ ಕ್ರಮ. ರಕ್ತದಲ್ಲಿ ಮಟ್ಟ ಸ್ಥಿರವಾಗಲು ಒಂದು ಗಂಟೆ ಬಿಟ್ಟು, ಮೂತ್ರಕೋಶ ಖಾಲಿ ಮಾಡಿಸಿ, ಅರ್ಧರ್ಧ ಗಂಟೆಯ ಮೂರು ಸಂಗ್ರಹಗಳನ್ನು ತೆಗೆದರು. ಪ್ರತಿ ಸಂಗ್ರಹದ ನಟ್ಟನಡುವೆ ಒಂದು ರಕ್ತದ ಮಾದರಿ. ಮೂರೂ ಸಂಗ್ರಹಗಳು ಹತ್ತಿರಹತ್ತಿರ ಇದ್ದುದರಿಂದ ಸರಾಸರಿಯನ್ನೇ ಇಲ್ಲಿ ತೆಗೆದುಕೊಳ್ಳುತ್ತೇನೆ.

ಸೂತ್ರ ಎರಡಕ್ಕೂ ಒಂದೇ. U ಎಂದರೆ ಮೂತ್ರದಲ್ಲಿನ ಸಾಂದ್ರತೆ, P ಎಂದರೆ ಪ್ಲಾಸ್ಮಾದಲ್ಲಿನ ಸಾಂದ್ರತೆ, V ಎಂದರೆ ನಿಮಿಷಕ್ಕೆ ಹರಿದ ಮೂತ್ರ. ಸಾಂದ್ರತೆಗಳೆಲ್ಲ ಮಿಲಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿವೆ.

```
C = U × V / P

C(inulin) = 5.6 × 5 / 0.25   = 112
C(PAH)    = 2.33 × 5 / 0.030 = 388
FF        = 112 / 388        = 0.29
```

ಕೊನೆಯ ಸಾಲಿನದು ಶೋಧನಾಂಶ: ಮೂತ್ರಪಿಂಡಕ್ಕೆ ಬಂದ ಪ್ಲಾಸ್ಮಾದಲ್ಲಿ ಎಷ್ಟು ಪಾಲು ಸೋಸಿ ನಳಿಕೆಯೊಳಗೆ ಇಳಿಯಿತು ಎಂಬುದು. ಆರೋಗ್ಯವಂತರಲ್ಲಿ ಅದು ಐದರಲ್ಲೊಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಪಿಎಎಚ್ ಕ್ಲಿಯರೆನ್ಸ್ ನಿಮಿಷಕ್ಕೆ 600 ಮಿಲಿಲೀಟರಿನ ಹತ್ತಿರ ಇರಬೇಕು. ಇಲ್ಲಿ ಶೋಧನಾ ದರ 112, ಅಂದರೆ ಒಳ್ಳೆಯ ಸ್ಥಿತಿ. ಕ್ರಿಯಾಟಿನಿನ್ ಹುಟ್ಟಿಸಿದ ಭಯ ಸುಳ್ಳಾಯಿತು. ಆದರೆ ಹರಿವು ಮಾತ್ರ ಮೂರನೆಯ ಒಂದು ಭಾಗದಷ್ಟು ಕಡಿಮೆ.

ಈ ಅಂಕಿಯನ್ನು ಹಾಗೆಯೇ ನಂಬಿದರೆ ಅದಕ್ಕೊಂದು ಅರ್ಥ ಸಲೀಸಾಗಿ ಹೊಂದಿಕೊಳ್ಳುತ್ತದೆ. ಗ್ಲೊಮೆರುಲಸ್‌ನಿಂದ ಹೊರಹೋಗುವ ಸಣ್ಣ ಅಪಧಮನಿ ಬಿಗಿದುಕೊಂಡರೆ ಒಟ್ಟು ಹರಿವು ಇಳಿಯುತ್ತದೆ, ಆದರೆ ಹಿಂದೆ ಒತ್ತಡ ಏರುವುದರಿಂದ ಶೋಧನೆ ಕುಗ್ಗದೆ ಉಳಿಯುತ್ತದೆ. ಆಂಜಿಯೊಟೆನ್ಸಿನ್ ಹೆಚ್ಚಿದಾಗ ಆಗುವುದು ಇದೇ. ಅಂಥ ಮೂತ್ರಪಿಂಡದಿಂದ ಹೊರಬರುವ ರಕ್ತದಲ್ಲಿ ಪ್ರೋಟೀನೂ ದಟ್ಟವಾಗುತ್ತದೆ: ಒಳಬರುವಾಗ ಡೆಸಿಲೀಟರಿಗೆ 7 ಗ್ರಾಂ ಇದ್ದದ್ದು, 0.29 ಪಾಲು ನೀರು ಸೋಸಿ ಹೋದ ಮೇಲೆ ಸುಮಾರು 9.9 ಗ್ರಾಂ. ಅಂಥವರ ಒಂದು ಮೂತ್ರಪಿಂಡ ತೆಗೆಯುವ ಮುನ್ನ ಯಾವ ವೈದ್ಯರಾದರೂ ಎರಡು ಸಲ ಯೋಚಿಸುತ್ತಾರೆ. ಅಡಗಿರುವ ರಕ್ತದೊತ್ತಡ, ಮೂತ್ರಪಿಂಡದ ಅಪಧಮನಿಯ ಕಿರಿದಾಗುವಿಕೆ ಎಲ್ಲವೂ ಮನಸ್ಸಿಗೆ ಬರುತ್ತವೆ. ಆದರೆ ಇವರ ರಕ್ತದೊತ್ತಡ ಸಹಜವಾಗಿತ್ತು, ಸ್ಕ್ಯಾನ್‌ನಲ್ಲಿ ಅಪಧಮನಿಗಳೂ ಸರಿಯಾಗಿದ್ದವು. ಅಂಕಿ ಒಂದು ಕಥೆ ಹೇಳುತ್ತಿತ್ತು, ಮನುಷ್ಯ ಇನ್ನೊಂದು. ಇಂಥ ಹೊತ್ತಿನಲ್ಲಿ ಮೊದಲು ವಿಚಾರಿಸಬೇಕಾದದ್ದು ಅಂಕಿಯನ್ನೇ.

ತರಗತಿಯಲ್ಲಿ ಈ ಹಂತಕ್ಕೆ ಬಂದಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ಬೆರಳು ತೋರುವುದು ಮೂತ್ರದ ಸಂಗ್ರಹದತ್ತ. ಮೂತ್ರಕೋಶ ಪೂರ್ತಿ ಖಾಲಿಯಾಗಿರಲಿಕ್ಕಿಲ್ಲ, ಚೆಲ್ಲಿಹೋಗಿರಬಹುದು, ಸಮಯ ತಪ್ಪಿರಬಹುದು ಎನ್ನುತ್ತಾರೆ. ಕ್ಲಿಯರೆನ್ಸ್ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಸಂಗ್ರಹವೇ ಎಂಬುದು ನಿಜ. ಆದರೆ ಈ ಪ್ರಕರಣದಲ್ಲಿ ಆ ಆರೋಪ ನಿಲ್ಲುವುದಿಲ್ಲ. ಎರಡೂ ವಸ್ತುಗಳು ಅದೇ ಮೂತ್ರದಲ್ಲಿ ಬಂದಿವೆ. ಐದನೆಯ ಒಂದು ಭಾಗ ಮೂತ್ರ ಒಳಗೇ ಉಳಿಯಿತು ಎಂದುಕೊಳ್ಳಿ: V ಐದರ ಬದಲು ನಾಲ್ಕಾಗುತ್ತದೆ, ಇನುಲಿನ್ ಕ್ಲಿಯರೆನ್ಸ್ 90ಕ್ಕೆ ಇಳಿಯುತ್ತದೆ, ಪಿಎಎಚ್ ಕ್ಲಿಯರೆನ್ಸ್ 311ಕ್ಕೆ ಇಳಿಯುತ್ತದೆ, ಅನುಪಾತ ಮಾತ್ರ ಅದೇ 0.29. ಶೋಧನಾಂಶದ ಲೆಕ್ಕವನ್ನು ಬಿಡಿಸಿ ಬರೆದರೆ V ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ಸಂಗ್ರಹ ಕೆಟ್ಟರೆ ಎರಡು ಕ್ಲಿಯರೆನ್ಸ್‌ಗಳೂ ಒಟ್ಟಿಗೆ ಕೆಡುತ್ತವೆ, ಶೋಧನಾಂಶ ಕೆಡುವುದಿಲ್ಲ. ಶೋಧನಾಂಶವೇ ಕೆಟ್ಟಿದ್ದರೆ ತಪ್ಪು ಎರಡು ವಸ್ತುಗಳಲ್ಲಿ ಯಾವುದೋ ಒಂದಕ್ಕೆ ಮಾತ್ರ ಅಂಟಿಕೊಂಡಿದೆ ಎಂದರ್ಥ. ಇನುಲಿನ್ ನಂಬುವಂತಿದ್ದುದರಿಂದ ಅನುಮಾನ ಪಿಎಎಚ್ ಮೇಲೆ ನಿಂತಿತು.

ಪಿಎಎಚ್‌ನ ಹೆಸರಾಂತ ದೌರ್ಬಲ್ಯ ಒಂದಿದೆ. ನಳಿಕೆಯ ಕೋಶಗಳು ಅದನ್ನು ಸಾಗಿಸುವುದಕ್ಕೆ ಮಿತಿ ಉಂಟು, ನಿಮಿಷಕ್ಕೆ ಸುಮಾರು 80 ಮಿಲಿಗ್ರಾಂ. ರಕ್ತದಲ್ಲಿ ಪಿಎಎಚ್ ವಿಪರೀತ ಏರಿದರೆ, ಡೆಸಿಲೀಟರಿಗೆ 10 ಮಿಲಿಗ್ರಾಂ ದಾಟುತ್ತಾ ಹೋದಂತೆ, ಸಾಗಣೆ ತುಂಬಿಹೋಗಿ ಉಳಿದದ್ದು ಸಿರೆಗೆ ಜಾರುತ್ತದೆ. ಆಗ ಕ್ಲಿಯರೆನ್ಸ್ ಹರಿವನ್ನು ತೋರಿಸುವುದಿಲ್ಲ, ಕಡಿಮೆ ಹೇಳುತ್ತದೆ. ಇಲ್ಲಿ ಹಾಗಾಗಿದೆಯೇ? ನಿಮಿಷಕ್ಕೆ ಹೊರಬಿದ್ದ ಪಿಎಎಚ್ ಒಟ್ಟು 11.65 ಮಿಲಿಗ್ರಾಂ. ಸೋಸಿ ಬಂದದ್ದು ಹೆಚ್ಚೆಂದರೆ 112ನ್ನು 0.030ರಿಂದ ಗುಣಿಸಿದಷ್ಟು, ಅಂದರೆ 3.4. ಉಳಿದ ಎಂಟು ಚಿಲ್ಲರೆ ಮಿಲಿಗ್ರಾಂ ನಳಿಕೆಯ ಸ್ರವಿಕೆ. ಎಂಬತ್ತರ ಮಿತಿಯ ಹತ್ತಿರಕ್ಕೂ ಹೋಗಿಲ್ಲ. ಪ್ರೊಬೆನೆಸಿಡ್‌ನಂಥ ಔಷಧ ಈ ಸಾಗಣೆಯನ್ನು ತಡೆಯಬಲ್ಲದು. ಅದನ್ನು ತೆಗೆದುಕೊಳ್ಳಲು ಇವರಿಗೆ ಕಾರಣವೇ ಇರಲಿಲ್ಲ.

ಅಷ್ಟರಲ್ಲಿ ಘಟಕದ ವೈದ್ಯೆ ಇನ್ನೊಂದು ಹೋಲಿಕೆ ಮಾಡಿದರು. ಪ್ರಕರಣದ ತಿರುವು ಇರುವುದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ. ರಕ್ತದ ಮಟ್ಟ ಸ್ಥಿರವಾಗಿದ್ದರೆ ಪಂಪಿನಿಂದ ಒಳಹೋದಷ್ಟೇ ಪಿಎಎಚ್ ಮೂತ್ರದಲ್ಲಿ ಹೊರಬರಬೇಕು. ಒಳಗೆ ಹೋದದ್ದು 11.7, ಹೊರಗೆ ಬಂದದ್ದು 11.65. ಪಂಪು ಸರಿ, ಮೂತ್ರದ ಅಳತೆ ಸರಿ, ಸಂಗ್ರಹವೂ ಸರಿ. ಸೂತ್ರದ ಮೇಲಿನ ಭಾಗ ಪೂರ್ತಿ ಶುದ್ಧವಾಗಿ ಹೊರಬಂತು. ಉಳಿದದ್ದು ಕೆಳಗಿರುವ P ಒಂದೇ. ಮೂತ್ರಪಿಂಡ ನಿಜವಾಗಿಯೂ ಕಡಿಮೆ ತೊಳೆಯುತ್ತಿದ್ದು ಅದರಿಂದ ಪ್ಲಾಸ್ಮಾದಲ್ಲಿ ಪಿಎಎಚ್ 0.030ಕ್ಕೆ ಏರಿದೆ; ಇಲ್ಲವೇ ಪ್ಲಾಸ್ಮಾದಲ್ಲಿ ಪಿಎಎಚ್ ಅಷ್ಟು ಇಲ್ಲ, ಯಂತ್ರ ಅಷ್ಟು ತೋರಿಸುತ್ತಿದೆ.

ಯಂತ್ರ ಏನನ್ನು ತೋರಿಸುತ್ತದೆ ಎಂಬುದನ್ನು ಇಲ್ಲಿ ತುಸು ನಿಧಾನವಾಗಿ ನೋಡಬೇಕು. ಪಿಎಎಚ್ ಅಳೆಯುವ ಹಳೆಯ, ಅಗ್ಗದ, ಈಗಲೂ ಬಳಕೆಯಲ್ಲಿರುವ ವಿಧಾನ ಬಣ್ಣದ್ದು. ಪ್ಲಾಸ್ಮಾದ ಪ್ರೋಟೀನನ್ನು ಆಮ್ಲದಿಂದ ಕೆಳಗಿಳಿಸಿ, ತಿಳಿಗೆ ಸೋಡಿಯಂ ನೈಟ್ರೈಟ್ ಹಾಕುತ್ತಾರೆ. ಬೆಂಜೀನ್ ಉಂಗುರಕ್ಕೆ ನೇರವಾಗಿ ಅಂಟಿರುವ ಅಮೈನೋ ಗುಂಪು ಡಯಾಜೋನಿಯಂ ಆಗಿ ಬದಲಾಗುತ್ತದೆ. ಮಿಕ್ಕ ನೈಟ್ರೈಟನ್ನು ಸಲ್ಫಮೇಟಿನಿಂದ ನಾಶಮಾಡಿ, ನ್ಯಾಫ್ತೈಲ್ ಎಥಿಲೀನ್ ಡಯಾಮೀನ್ ಸೇರಿಸಿದರೆ ಗುಲಾಬಿ ನೇರಳೆ ಬಣ್ಣ ಮೂಡುತ್ತದೆ. 540 ನ್ಯಾನೋಮೀಟರಿನ ಆಸುಪಾಸಿನಲ್ಲಿ ಅದರ ಗಾಢತೆಯನ್ನು ಓದುತ್ತಾರೆ. ಈ ರಾಸಾಯನಿಕ ಕ್ರಿಯೆ ಪಿಎಎಚ್‌ನ ಹೆಸರನ್ನು ಗುರುತಿಸುವುದಿಲ್ಲ. ಆ ಅಮೈನೋ ಗುಂಪನ್ನು ಮಾತ್ರ ಗುರುತಿಸುತ್ತದೆ. ಬ್ರಾಟನ್ ಮತ್ತು ಮಾರ್ಷಲ್ 1939ರಲ್ಲಿ ಇದನ್ನು ಪ್ರಕಟಿಸಿದ್ದೇ ಸಲ್ಫಾ ಔಷಧಗಳನ್ನು ಅಳೆಯುವುದಕ್ಕಾಗಿ. ಪಿಎಎಚ್ ಆಮೇಲೆ ಬಂದು ಅದೇ ವಿಧಾನವನ್ನು ಎರವಲು ಪಡೆಯಿತು.

ವೈದ್ಯೆ ಮತ್ತೆ ಕೇಳಿದರು: “ಈ ವಾರದಲ್ಲಿ ಏನಾದರೂ ಮಾತ್ರೆ ತೆಗೆದುಕೊಂಡಿದ್ದೀರಾ?”

“ಇಲ್ಲ ಡಾಕ್ಟರೇ, ನನಗೆ ಯಾವ ಕಾಯಿಲೆಯೂ ಇಲ್ಲ” ಎಂದರು ಅವರು.

ಜೊತೆಗೆ ಬಂದಿದ್ದ ಅಕ್ಕನ ಗಂಡ ಮಧ್ಯೆ ಮಾತು ಸೇರಿಸಿದರು: “ಮಳೆ ಹಿಡಿದ ಮೇಲೆ ನಿನಗೆ ಭೇದಿ ಆಗಿತ್ತಲ್ಲ? ಅಂಗಡಿಯಿಂದ ಮಾತ್ರೆ ತಂದು ನುಂಗಿದೆಯಲ್ಲ?”

“ಅದು ಹೌದು ಭಾವ. ನಿನ್ನೆ ಮಧ್ಯಾಹ್ನಕ್ಕೆ ಮುಗಿಯಿತು.”

ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಟ್ಟ ಆ ಮಾತ್ರೆ ಕೋ-ಟ್ರೈಮೋಕ್ಸಜೋಲ್. ಐದು ದಿನ, ದಿನಕ್ಕೆರಡು. ಅದರಲ್ಲಿ ಎರಡು ಔಷಧಗಳಿವೆ, ಮತ್ತು ಈ ಪ್ರಕರಣದಲ್ಲಿ ಎರಡೂ ತಮ್ಮ ತಮ್ಮ ಗೊಂದಲ ಎಬ್ಬಿಸಿವೆ. ಟ್ರೈಮೆಥೊಪ್ರಿಮ್ ನಳಿಕೆಗಳು ಕ್ರಿಯಾಟಿನಿನ್ ಹೊರಹಾಕುವುದನ್ನು ತಡೆಯುತ್ತದೆ. ಶೋಧನೆ ಕಿಂಚಿತ್ತೂ ಕಡಿಮೆಯಾಗದೆ ರಕ್ತದ ಕ್ರಿಯಾಟಿನಿನ್ ಏರುತ್ತದೆ. 1.0 ಇದ್ದದ್ದು 1.2 ಆದದ್ದಕ್ಕೆ ಇಷ್ಟೇ ಸಾಕು. ಎರಡನೆಯ ಸುತ್ತಿನ ರಕ್ತ ತೆಗೆದದ್ದು ಮಾತ್ರೆ ನಡೆಯುತ್ತಿದ್ದಾಗಲೇ. ಇನ್ನೊಂದು ಸಲ್ಫಮೆಥಾಕ್ಸಜೋಲ್. ಅದರ ಉಂಗುರದ ಮೇಲೂ ಅಂಥದೇ ಅಮೈನೋ ಗುಂಪಿದೆ. ಅದರ ಅರ್ಧಾಯುಷ್ಯ ಸುಮಾರು ಹತ್ತು ಗಂಟೆ. ಹಿಂದಿನ ಮಧ್ಯಾಹ್ನ ನುಂಗಿದ ಮಾತ್ರೆಯ ಉಳಿಕೆ ಮರುದಿನ ಬೆಳಿಗ್ಗೆಯ ರಕ್ತದಲ್ಲಿ ಇದ್ದೇ ಇರುತ್ತದೆ, ಮತ್ತು ಪಿಎಎಚ್‌ನಂತೆಯೇ ಗುಲಾಬಿ ಬಣ್ಣ ಕೊಡುತ್ತದೆ.

ಹಾಗಾದರೆ ಮೂತ್ರದಲ್ಲಿ ಏಕೆ ಗೊಂದಲವಾಗಲಿಲ್ಲ? ಪಿಎಎಚ್ ಮೂತ್ರದಲ್ಲಿ ಪ್ಲಾಸ್ಮಾಗಿಂತ ನೂರು ಪಟ್ಟು ದಟ್ಟವಾಗಿದೆ. ಅಳೆಯುವ ಮುನ್ನ ಅದನ್ನು ಬಹಳ ತೆಳುವಾಗಿಸಬೇಕಾಗುತ್ತದೆ. ಸಲ್ಫಾ ಔಷಧ ಮೂತ್ರಕ್ಕೆ ನಿಧಾನವಾಗಿ ಹೋಗುತ್ತದೆ, ಅದರಲ್ಲೂ ಬಹುಪಾಲು ಅಸಿಟೈಲ್ ರೂಪದಲ್ಲಿ. ಅಸಿಟೈಲ್ ಅಂಟಿದ ಅಮೈನೋ ಗುಂಪು ಬಣ್ಣ ಕೊಡುವುದಿಲ್ಲ. ಹೀಗೆ U ಬಹುತೇಕ ಶುದ್ಧವಾಗಿ ಉಳಿಯಿತು, P ಮಾತ್ರ ಉಬ್ಬಿತು. ಭಾಗಿಸುವ ಸಂಖ್ಯೆ ಉಬ್ಬಿದ್ದರಿಂದ ಕ್ಲಿಯರೆನ್ಸ್ ಕುಗ್ಗಿತು, ಅದು ಕುಗ್ಗಿದ್ದರಿಂದ ಶೋಧನಾಂಶ ಏರಿತು. ಇನುಲಿನ್ ಅಳತೆ ಅದರಿಂದ ಬಿಡುಗಡೆಯಾಗುವ ಫ್ರಕ್ಟೋಸನ್ನು ಆಧರಿಸಿದ್ದರಿಂದ ಸಲ್ಫಾ ಅದನ್ನು ಮುಟ್ಟಲಿಲ್ಲ.

ಇದನ್ನು ಆಗಲೇ ಹಿಡಿಯಬಹುದಿತ್ತು. ಎಂಟೂವರೆಯ ಆರಂಭದ ರಕ್ತ ತೆಗೆದದ್ದೇ ಅದಕ್ಕಾಗಿ. ಸಕ್ಕರೆ ಬಣ್ಣಕ್ಕೆ ತೊಡಕಾಗುವುದೆಂದು ಇನುಲಿನ್‌ಗೆ ಆ ರಕ್ತವನ್ನು ಬಳಸಿದ್ದರು. ಪಿಎಎಚ್‌ಗೆ ಮಾತ್ರ ಪ್ರಯೋಗಾಲಯದಲ್ಲಿ ಸಿದ್ಧವಿದ್ದ ಬೇರೆಯವರ ಪ್ಲಾಸ್ಮಾವನ್ನು ಶೂನ್ಯವೆಂದು ಇಟ್ಟುಕೊಂಡಿದ್ದರು. ಉಳಿದಿದ್ದ ಆರಂಭದ ಪ್ಲಾಸ್ಮಾಕ್ಕೆ ಈಗ ಪಿಎಎಚ್ ಪರೀಕ್ಷೆ ಮಾಡಿದರೆ ಓದು 0.011 ಬಂತು. ಒಂದು ಹನಿ ಪಿಎಎಚ್ ಕೊಡುವ ಮುಂಚಿನ ರಕ್ತದಲ್ಲಿ!

ಅದನ್ನು ಕಳೆದುಬಿಟ್ಟರೆ ಮುಗಿಯಲಿಲ್ಲವೇ? 0.030ರಿಂದ 0.011 ಕಳೆದರೆ 0.019, ಕ್ಲಿಯರೆನ್ಸ್ 613, ಶೋಧನಾಂಶ 0.18. ಇದು ಸತ್ಯಕ್ಕೆ ಹತ್ತಿರ, ಆದರೆ ಸತ್ಯವಲ್ಲ. ಆ 0.011 ಎಂಟೂವರೆಯದು, ಸಂಗ್ರಹಗಳು ನಡೆದದ್ದು ಹತ್ತೂವರೆಯ ಸುತ್ತ. ಎರಡು ಗಂಟೆಗಳಲ್ಲಿ ಸಲ್ಫಾ 0.0096ಕ್ಕೆ ಇಳಿದಿರಬೇಕು. ಅದನ್ನು ಕಳೆದರೆ ಕ್ಲಿಯರೆನ್ಸ್ 571, ಶೋಧನಾಂಶ 0.20. ಒಬ್ಬೊಬ್ಬರಲ್ಲಿ ಅರ್ಧಾಯುಷ್ಯ ಒಂದೊಂದು ರೀತಿ ಇರುವುದರಿಂದ ಈ ತಿದ್ದುಪಡಿಯೂ ಊಹೆಯೇ. ಚಿಕ್ಕ ಸಂಖ್ಯೆಯಿಂದ ಅದರ ಮೂರನೆಯ ಒಂದು ಭಾಗದಷ್ಟನ್ನು ಕಳೆದು, ಉಳಿದದ್ದರಿಂದ ಭಾಗಿಸಿ ಬಂದ ಉತ್ತರದ ಮೇಲೆ ದಾನಿಯ ಶಸ್ತ್ರಚಿಕಿತ್ಸೆಯನ್ನು ತೀರ್ಮಾನಿಸಬಾರದು. ಭೇದಿಯಿಂದ ದೇಹದ ನೀರು ಕಡಿಮೆಯಾಗಿ ಶೋಧನಾಂಶ ನಿಜವಾಗಿಯೇ ತುಸು ಏರಿದ್ದಿರಬಹುದೇ ಎಂಬ ಪ್ರಶ್ನೆಯೂ ಉಳಿದಿತ್ತು. ಅದು ನ್ಯಾಯವಾದ ಪ್ರಶ್ನೆ. ಆಂಜಿಯೊಟೆನ್ಸಿನ್ ಏರುವ ಸಂದರ್ಭಗಳಲ್ಲಿ ಅದೂ ಒಂದು.

ಇದೇ ಗೊಂದಲ ಮುಟ್ಟದ ಅಳತೆ ಒಂದಿದೆ, ಅದನ್ನು ವಿದ್ಯಾರ್ಥಿಗಳ ಮುಂದೆ ಇಡುವುದು ನನಗೆ ಬಹಳ ಇಷ್ಟ. ಮೂತ್ರಪಿಂಡದ ಸಿರೆಯಿಂದಲೂ ರಕ್ತ ತೆಗೆದು, ಅಪಧಮನಿ ಮತ್ತು ಸಿರೆಗಳ ವ್ಯತ್ಯಾಸದಿಂದ ಭಾಗಿಸುವುದು. ಮೂತ್ರಪಿಂಡಕ್ಕೆ ಬಂದ ಪ್ಲಾಸ್ಮಾದಲ್ಲಿ ನಿಜವಾದ ಪಿಎಎಚ್ 0.020, ಸಲ್ಫಾದ ಸುಳ್ಳು 0.010, ಒಟ್ಟು 0.030 ಎಂದುಕೊಳ್ಳೋಣ. ಸಿರೆಯಲ್ಲಿ ಉಳಿದ ಪಿಎಎಚ್ 0.002, ಸಲ್ಫಾ ಹೆಚ್ಚುಕಡಿಮೆ ಅದೇ 0.010, ಒಟ್ಟು 0.012. ವ್ಯತ್ಯಾಸ ತೆಗೆದ ಕೂಡಲೇ ಸಲ್ಫಾ ಎರಡೂ ಕಡೆಯಿಂದ ಮಾಯವಾಗುತ್ತದೆ.

```
RPF = 11.65 / (0.030 − 0.012) = 647
```

ಇದು ಪಿಎಎಚ್ ಕ್ಲಿಯರೆನ್ಸ್ ಹೇಳುವ ಪರಿಣಾಮಕಾರಿ ಹರಿವಲ್ಲ, ನಿಜವಾದ ಪ್ಲಾಸ್ಮಾ ಹರಿವು. ಪಿಎಎಚ್ ಶೇಕಡಾ 90 ಮಾತ್ರ ಹೊರಬೀಳುತ್ತದೆ ಎಂಬ ಕೊರತೆಯೂ ಇಲ್ಲಿ ತುಂಬಿಹೋಗಿದೆ. ಆ ಉಳಿದ ಹತ್ತು ಭಾಗಕ್ಕೆ ಕಾರಣವೆಂದರೆ ಸ್ವಲ್ಪ ರಕ್ತ ಸಮೀಪದ ನಳಿಕೆಗಳನ್ನು ಮುಟ್ಟದೆ ಮಜ್ಜೆಯ ಭಾಗಕ್ಕೆ, ಹೊದಿಕೆಗೆ, ಸುತ್ತಲಿನ ಕೊಬ್ಬಿಗೆ ಹೋಗಿಬಿಡುತ್ತದೆ. ಆದರೆ ಆರೋಗ್ಯವಂತ ದಾನಿಯ ಮೂತ್ರಪಿಂಡದ ಸಿರೆಗೆ ಕೇವಲ ಇಷ್ಟಕ್ಕಾಗಿ ಕ್ಯಾತಿಟರ್ ಇಳಿಸುವುದು ಸರಿಯಲ್ಲ. ಘಟಕದವರು ಅದನ್ನು ಮಾಡಲೂ ಇಲ್ಲ.

ಅವರು ಮಾಡಿದ್ದು ಎಲ್ಲಕ್ಕಿಂತ ಸರಳವಾದದ್ದು. ಯಾವ ಮಾತ್ರೆಯನ್ನೂ ಮುಟ್ಟದಂತೆ ಹೇಳಿ ಹತ್ತು ದಿನ ಬಿಟ್ಟು ಕರೆಸಿದರು. ಕ್ರಿಯಾಟಿನಿನ್ ಮತ್ತೆ 1.0ಕ್ಕೆ ಬಂದಿತ್ತು. ಈ ಬಾರಿ ಅವರದೇ ಆರಂಭದ ಪ್ಲಾಸ್ಮಾವನ್ನು ಎರಡೂ ಪರೀಕ್ಷೆಗಳಿಗೆ ಶೂನ್ಯವಾಗಿ ಇಟ್ಟುಕೊಂಡರು, ಅದರಲ್ಲಿ ಬಣ್ಣವೇ ಬರಲಿಲ್ಲ.

```
C(inulin) = 5.25 × 5.1 / 0.24  = 112
C(PAH)    = 2.36 × 5.1 / 0.021 = 573
FF        = 112 / 573          = 0.195
```

ಶೋಧನಾ ದರ ಮೊದಲಿನದ್ದೇ. ಹರಿವು ಸಹಜ. ಭೇದಿಯಿಂದ ನೀರು ಕಡಿಮೆಯಾಗಿತ್ತೇ ಎಂಬ ಪ್ರಶ್ನೆಗೂ ಪರೋಕ್ಷ ಉತ್ತರ ಸಿಕ್ಕಿತು: ಮೊದಲ ದಿನದ ಅಂಕಿಯನ್ನು ಸಲ್ಫಾದ ಇಳಿಕೆ ಲೆಕ್ಕ ಹಾಕಿ ತಿದ್ದಿದಾಗ ಬಂದ 571ಕ್ಕೂ ಈ 573ಕ್ಕೂ ಭೇದವಿಲ್ಲ. ಅಂದರೆ ಮೊದಲ ದಿನವೂ ಮೂತ್ರಪಿಂಡ ಹೀಗೆಯೇ ಕೆಲಸ ಮಾಡುತ್ತಿತ್ತು.

ವರದಿಯಲ್ಲಿ ಘಟಕದವರು 573ನ್ನು ಪರಿಣಾಮಕಾರಿ ಪ್ಲಾಸ್ಮಾ ಹರಿವು ಎಂದೇ ಬರೆದರು. ಅದನ್ನು 0.9ರಿಂದ ಭಾಗಿಸಿ 637 ಎಂದು, ರಕ್ತದಲ್ಲಿ ಕೋಶಗಳ ಪಾಲು 0.44 ಇದ್ದುದರಿಂದ 637ನ್ನು 0.56ರಿಂದ ಭಾಗಿಸಿ ಮೂತ್ರಪಿಂಡಗಳ ರಕ್ತದ ಹರಿವು ನಿಮಿಷಕ್ಕೆ ಸುಮಾರು 1,140 ಮಿಲಿಲೀಟರ್ ಎಂದು ಪ್ರತ್ಯೇಕವಾಗಿ ಸೂಚಿಸಿದರು. 0.9 ಎಂಬುದು ಈ ವ್ಯಕ್ತಿಯಲ್ಲಿ ಅಳೆದದ್ದಲ್ಲ, ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಕಾಣುವ ಸಂಖ್ಯೆ ಎಂಬ ಟಿಪ್ಪಣಿಯೂ ಜೊತೆಗಿತ್ತು. ಆ ಭಾಗಾಕಾರ ಮಾಡಿದರೆ ಶೋಧನಾಂಶವೂ 0.195ರಿಂದ 0.176ಕ್ಕೆ ಇಳಿಯುತ್ತದೆ. ಯಾವ ಹರಿವಿನಿಂದ ಭಾಗಿಸಿದ್ದು ಎಂದು ಹೇಳದೆ ಎರಡು ಪ್ರಯೋಗಾಲಯಗಳ ಶೋಧನಾಂಶವನ್ನು ಅಕ್ಕಪಕ್ಕ ಇಟ್ಟು ನೋಡಲು ಬರುವುದಿಲ್ಲ. ನಳಿಕೆಗಳಿಗೇ ಕಾಯಿಲೆ ಇರುವವರಲ್ಲಂತೂ ಪಿಎಎಚ್ ಹೊರಬೀಳುವ ಪಾಲು 0.9ಕ್ಕಿಂತ ಬಹಳ ಕೆಳಗಿರಬಹುದು. ಅಲ್ಲಿ ಈ ಭಾಗಾಕಾರ ಮಾಡಲೇಬಾರದು, ಸಿರೆಯ ಮಾದರಿ ಇಲ್ಲದೆ ಹರಿವಿನ ಅಂಕಿ ಬರೆಯಲೂಬಾರದು.